ಒಂದು ಕಾರ್ಡಿಗೆ ಒಂದೇ ಪ್ರಶ್ನೆ: ಹೃದಯದ ಪಾಠವನ್ನು ಬಿಡಿಸುವ ಬಗೆ

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ‘ಜೀವಕ್ರಿಯೆಗಳು’ ಪಾಠಕ್ಕೆ ಫ್ಲ್ಯಾಶ್‌ಕಾರ್ಡ್ ಮಾಡಲು ಕೂತ ಹುಡುಗಿಯೊಬ್ಬಳ ಮೊದಲ ಕಾರ್ಡು ಹೇಗಿರುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಮುಂಬದಿಯಲ್ಲಿ ‘ಮಾನವನ ಹೃದಯದ ರಚನೆ ಮತ್ತು ಕಾರ್ಯವನ್ನು ವಿವರಿಸಿ’ ಎಂದಿರುತ್ತದೆ. ಹಿಂಬದಿಯಲ್ಲಿ ಅಂಚಿನವರೆಗೂ ಒತ್ತೊತ್ತಾಗಿ ಬರೆದ ಎಂಟು ವಾಕ್ಯಗಳಿರುತ್ತವೆ: ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ಮೇಲಿನ ಎರಡು ಹೃತ್ಕರ್ಣಗಳು, ಕೆಳಗಿನ ಎರಡು ಹೃತ್ಕುಕ್ಷಿಗಳು. ಶ್ವಾಸಕೋಶದಿಂದ ಆಮ್ಲಜನಕ ತುಂಬಿಕೊಂಡ ರಕ್ತ ಎಡ ಹೃತ್ಕರ್ಣಕ್ಕೆ ಬರುತ್ತದೆ. ಅಲ್ಲಿಂದ ಎಡ ಹೃತ್ಕುಕ್ಷಿಗೆ ಇಳಿದು ದೇಹಕ್ಕೆಲ್ಲ ಹೋಗುತ್ತದೆ. ದೇಹದಿಂದ ಮರಳಿದ ರಕ್ತ ಬಲ ಹೃತ್ಕರ್ಣಕ್ಕೆ ಬರುತ್ತದೆ. ಬಲ ಹೃತ್ಕುಕ್ಷಿ ಅದನ್ನು ಶ್ವಾಸಕೋಶಕ್ಕೆ ದೂಡುತ್ತದೆ. ಹೃತ್ಕುಕ್ಷಿಗಳ ಗೋಡೆ ಹೃತ್ಕರ್ಣಗಳ ಗೋಡೆಗಿಂತ ದಪ್ಪ. ರಕ್ತ ಹಿಂದಕ್ಕೆ ಹರಿಯದಂತೆ ಕವಾಟಗಳು ತಡೆಯುತ್ತವೆ.

ಇದರಲ್ಲಿ ಒಂದು ವಾಕ್ಯವೂ ತಪ್ಪಿಲ್ಲ. ತೊಂದರೆ ಕಾಣಿಸುವುದು ಒಂದು ವಾರದ ಮೇಲೆ. ಕಾರ್ಡು ಕೈಗೆ ಬಂದಾಗ ಹುಡುಗಿ ಕೋಣೆಗಳ ಹೆಸರು ಹೇಳುತ್ತಾಳೆ, ಗೋಡೆ ದಪ್ಪ ಎನ್ನುತ್ತಾಳೆ, ರಕ್ತದ ದಾರಿಯನ್ನು ಹೇಳುವಾಗ ಒಂದು ಕಡೆ ಎಡ ಬಲ ಅದಲುಬದಲು ಮಾಡುತ್ತಾಳೆ, ಕವಾಟದ ಮಾತೇ ಎತ್ತುವುದಿಲ್ಲ. ಈಗ ಈ ಕಾರ್ಡು ‘ಬಂತು’ ಎನ್ನುವ ಗುಂಪಿಗೆ ಹೋಗಬೇಕೋ, ‘ಬರಲಿಲ್ಲ’ ಎನ್ನುವ ಗುಂಪಿಗೋ? ಬಂತು ಎಂದರೆ ಕವಾಟ ಮರೆತದ್ದು ಮುಚ್ಚಿಹೋಗುತ್ತದೆ. ಬರಲಿಲ್ಲ ಎಂದರೆ ಚೆನ್ನಾಗಿ ಗೊತ್ತಿರುವ ಆರು ಸಂಗತಿಗಳನ್ನು ನಾಳೆ ಮತ್ತೆ ಒಪ್ಪಿಸಬೇಕು. ಇಡೀ ಉತ್ತರ ಪತ್ರಿಕೆಗೆ ಮೇಷ್ಟ್ರು ಒಂದೇ ಒಂದು ಸರಿ ಗುರುತೋ ತಪ್ಪು ಗುರುತೋ ಹಾಕಿ ಕೊಟ್ಟ ಹಾಗೆ. ಎಲ್ಲಿ ತಪ್ಪಿತು ಎಂಬುದು ಅದರಿಂದ ತಿಳಿಯುವುದಿಲ್ಲ.

ಫ್ಲ್ಯಾಶ್‌ಕಾರ್ಡಿನ ಪದ್ಧತಿಯೆಲ್ಲ ನಿಂತಿರುವುದು ಈ ಒಂದೇ ತೀರ್ಪಿನ ಮೇಲೆ. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ವಿಜ್ಞಾನ ಪತ್ರಕರ್ತ ಜರ್ಮನ್ ಭಾಷೆಯಲ್ಲಿ ಬರೆದ ಕಲಿಕೆಯ ಕೈಪಿಡಿಯೊಂದು ಜನಪ್ರಿಯಗೊಳಿಸಿದ ಡಬ್ಬದ ವಿಧಾನ ಇಂದಿಗೂ ಬಳಕೆಯಲ್ಲಿದೆ. ಡಬ್ಬದಲ್ಲಿ ಐದು ಖಾನೆ. ಹೊಸ ಕಾರ್ಡುಗಳೆಲ್ಲ ಮೊದಲ ಖಾನೆಯಲ್ಲಿ. ಉತ್ತರ ಬಂದರೆ ಕಾರ್ಡು ಮುಂದಿನ ಖಾನೆಗೆ ಹೋಗುತ್ತದೆ, ಬರದಿದ್ದರೆ ಎಲ್ಲಿದ್ದರೂ ಮೊದಲ ಖಾನೆಗೆ ವಾಪಸ್ಸಾಗುತ್ತದೆ. ಮೊದಲ ಖಾನೆಯನ್ನು ದಿನವೂ ನೋಡಿದರೆ, ಹಿಂದಿನ ಖಾನೆಗಳನ್ನು ಕ್ರಮೇಣ ಎರಡು ಮೂರು ದಿನಕ್ಕೆ, ವಾರಕ್ಕೆ, ತಿಂಗಳಿಗೆ ಒಮ್ಮೆ ತೆಗೆದರೆ ಸಾಕು. ಹೀಗೆ ಕಷ್ಟದ್ದು ಪದೇ ಪದೇ ಕಣ್ಣಿಗೆ ಬೀಳುತ್ತದೆ, ಸುಲಭದ್ದು ಅಪರೂಪಕ್ಕೆ. ಆದರೆ ಡಬ್ಬಕ್ಕೆ ಕಾರ್ಡಿನೊಳಗೆ ಏನಿದೆ ಎಂಬುದು ಗೊತ್ತಿಲ್ಲ. ಅದು ಎತ್ತಿಡುವುದು ಇಡೀ ಕಾರ್ಡನ್ನು. ಕಷ್ಟದ್ದೂ ಸುಲಭದ್ದೂ ಒಂದೇ ಕಾರ್ಡಿನಲ್ಲಿ ಅಂಟಿಕೊಂಡಿದ್ದರೆ ಅವುಗಳನ್ನು ಬೇರೆ ಮಾಡುವ ಶಕ್ತಿ ಅದಕ್ಕಿಲ್ಲ.

ಪೋಲೆಂಡಿನ ಪೋಝ್ನಾನ್ ನಗರದಲ್ಲಿ ಓದುತ್ತಿದ್ದ ಪಿಯೋಟರ್ ವೋಝ್ನಿಯಾಕ್ ಇದೇ ತೊಡಕನ್ನು ಎದುರಿಸಿದವನು. 1985ರಲ್ಲಿ ಆತ ಕಾಗದದ ಮೇಲೆ ಪುನರಾವರ್ತನೆಯ ಪ್ರಯೋಗ ಶುರುಮಾಡಿದಾಗ ಹಾಳೆಯೊಂದರಲ್ಲಿ ಹತ್ತಾರು ಪ್ರಶ್ನೋತ್ತರಗಳಿರುತ್ತಿದ್ದವು. ಮತ್ತೆ ಓದುವ ದಿನವನ್ನು ಗೊತ್ತುಮಾಡುತ್ತಿದ್ದದ್ದು ಇಡೀ ಹಾಳೆಗೆ. 1987ರಲ್ಲಿ ಸೂಪರ್‌ಮೆಮೊ ಎಂಬ ಕಂಪ್ಯೂಟರ್ ಪ್ರೋಗ್ರಾಂ ಬರೆದಾಗ ಪ್ರತಿ ಪ್ರಶ್ನೆಗೂ ಅದರದೇ ದಿನ ಗೊತ್ತುಮಾಡುವುದು ಸಾಧ್ಯವಾಯಿತು. 1999ರಲ್ಲಿ ಆತ ಪ್ರಶ್ನೆಗಳನ್ನು ರೂಪಿಸುವ ಇಪ್ಪತ್ತು ನಿಯಮಗಳನ್ನು ಬರೆದು ಪ್ರಕಟಿಸಿದ. ಒಂದು ಪ್ರಶ್ನೆಯಲ್ಲಿ ಎಷ್ಟು ಕಡಿಮೆ ಸಾಧ್ಯವೋ ಅಷ್ಟೇ ಇರಲಿ ಎನ್ನುವುದು ಅವುಗಳಲ್ಲಿ ಪ್ರಮುಖವಾದದ್ದು. ಮೊದಲು ಅರ್ಥಮಾಡಿಕೊಳ್ಳಿ, ಆಮೇಲೆ ನೆನಪಿಡಲು ಹೊರಡಿ ಎನ್ನುವುದು ಅದಕ್ಕೂ ಮುಂಚೆ ಬರುವ ನಿಯಮ.

ಎಷ್ಟು ಕಡಿಮೆ? ಇಲ್ಲೇ ಹೆಚ್ಚಿನವರು ಎಡವುವುದು. ಒಂದು ವಿಚಾರ ಎಂದರೆ ಒಂದು ಪದವೂ ಅಲ್ಲ, ಒಂದು ವಾಕ್ಯವೂ ಅಲ್ಲ. ಕೆಲಸಕ್ಕೆ ಬರುವ ಅಳತೆ ಇಷ್ಟು: ಯಾವುದನ್ನು ಬೇರೆಯಾಗಿ ಮರೆಯಬಹುದೋ ಅದು ಬೇರೆ ವಿಚಾರ. ನಾಲ್ಕು ಕೋಣೆಗಳಿವೆ ಎಂಬುದು ನೆನಪಿದ್ದೂ ಕವಾಟದ ಕೆಲಸ ಮರೆಯಬಹುದು. ಆದ್ದರಿಂದ ಅವು ಎರಡು. ‘ಮೇಲಿನ ಕೋಣೆ ಹೃತ್ಕರ್ಣ’ ಎಂಬುದು ಗಟ್ಟಿಯಾಗಿದ್ದರೆ ಕೆಳಗಿನದು ಹೃತ್ಕುಕ್ಷಿ ಎಂಬುದು ತಾನಾಗಿಯೇ ಬರುತ್ತದೆ. ಅದನ್ನಷ್ಟೇ ಮರೆಯಲು ಆಗುವುದಿಲ್ಲ. ಆದ್ದರಿಂದ ಅದು ಒಂದೇ ವಿಚಾರ, ಒಂದೇ ಕಾರ್ಡು. ರಕ್ತದೊತ್ತಡದ 120/80 ಕೂಡ ಹೀಗೆಯೇ. ಮೇಲಿನ ಅಂಕಿ ಹೃತ್ಕುಕ್ಷಿ ಸಂಕುಚಿಸಿದಾಗಿನದು ಎಂದು ಗೊತ್ತಿದ್ದರೆ ಕೆಳಗಿನದು ಅದು ಸಡಿಲಗೊಂಡಾಗಿನದು ಎಂದು ಹೇಳಲು ಇನ್ನೊಂದು ಕಾರ್ಡು ಬೇಡ. ಆದರೆ ಆರೋಗ್ಯವಂತರಲ್ಲಿ ಆ ಅಂಕಿಗಳು ಸುಮಾರು 120 ಮತ್ತು 80 ಎಂಬುದನ್ನು ಬೇರೆಯಾಗಿ ಮರೆಯಬಹುದು, ಅದಕ್ಕೆ ಒಂದು ಕಾರ್ಡು ಬೇಕು.

ಈ ಅಳತೆ ಹಿಡಿದು ಆ ಎಂಟು ವಾಕ್ಯಗಳನ್ನು ಬಿಡಿಸಲು ಹೊರಟರೆ ಮೊದಲು ಎದುರಾಗುವುದು ರಕ್ತದ ದಾರಿ. ಅದು ಇಡೀ ಪಾಠದ ಬೆನ್ನೆಲುಬು, ಹೆಚ್ಚು ತಪ್ಪಾಗುವುದೂ ಅಲ್ಲಿಯೇ. ಪಟ್ಟಿ ಮಾಡಿದರೆ ಹತ್ತು ನಿಲ್ದಾಣಗಳು ಸಿಗುತ್ತವೆ: ಮಹಾ ಅಭಿಧಮನಿ, ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ, ಶ್ವಾಸಕೋಶದ ಅಪಧಮನಿ, ಶ್ವಾಸಕೋಶ, ಶ್ವಾಸಕೋಶದ ಅಭಿಧಮನಿ, ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ, ಮಹಾ ಅಪಧಮನಿ, ದೇಹದ ಅಂಗಾಂಗಗಳು. ಅಲ್ಲಿಂದ ಮತ್ತೆ ಮಹಾ ಅಭಿಧಮನಿ.

‘ರಕ್ತ ಸಾಗುವ ದಾರಿಯನ್ನು ಕ್ರಮವಾಗಿ ಹೇಳಿ’ ಎಂದು ಒಂದು ಕಾರ್ಡು ಬರೆದರೆ ಮಗು ಹತ್ತು ಹೆಸರನ್ನು ಮಗ್ಗಿಯ ಹಾಗೆ ಒಪ್ಪಿಸುವುದನ್ನು ಕಲಿಯುತ್ತದೆ. ಮಧ್ಯದಲ್ಲಿ ನಿಲ್ಲಿಸಿ ‘ಎಡ ಹೃತ್ಕರ್ಣಕ್ಕೆ ಎಲ್ಲಿಂದ ಬಂತು?’ ಎಂದು ಕೇಳಿದರೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ನೆನಪಿಡಬೇಕಾದದ್ದು ಪಟ್ಟಿಯಲ್ಲ, ಒಂದು ನಿಲ್ದಾಣದಿಂದ ಮುಂದಿನದಕ್ಕೆ ಇರುವ ಕೊಂಡಿ. ಹತ್ತು ನಿಲ್ದಾಣಗಳ ವೃತ್ತದಲ್ಲಿ ಕೊಂಡಿಗಳೂ ಹತ್ತೇ. ಆದ್ದರಿಂದ ಕಾರ್ಡುಗಳು ಹೀಗಾಗುತ್ತವೆ:

ಪ್ರಶ್ನೆ: ಬಲ ಹೃತ್ಕರ್ಣ ಸಂಕುಚಿಸಿದಾಗ ಅದರಲ್ಲಿನ ರಕ್ತ ಯಾವ ಕೋಣೆಗೆ ಹೋಗುತ್ತದೆ?
ಉತ್ತರ: ಬಲ ಹೃತ್ಕುಕ್ಷಿಗೆ.

ಪ್ರಶ್ನೆ: ಬಲ ಹೃತ್ಕುಕ್ಷಿಯಿಂದ ರಕ್ತ ಯಾವ ನಾಳದ ಮೂಲಕ ಹೊರಬೀಳುತ್ತದೆ?
ಉತ್ತರ: ಶ್ವಾಸಕೋಶದ ಅಪಧಮನಿ.

ಪ್ರಶ್ನೆ: ಶ್ವಾಸಕೋಶದಿಂದ ಮರಳುವ ರಕ್ತ ಹೃದಯದ ಯಾವ ಕೋಣೆಗೆ ಮೊದಲು ಬರುತ್ತದೆ?
ಉತ್ತರ: ಎಡ ಹೃತ್ಕರ್ಣಕ್ಕೆ.

ಮೂರನೆಯ ಕಾರ್ಡನ್ನು ಗಮನಿಸಿ. ಅದು ನಾಳದ ಹೆಸರನ್ನು ಕೇಳಿಲ್ಲ, ಕೋಣೆಯನ್ನಷ್ಟೇ ಕೇಳಿದೆ. ನಾಳದ ಹೆಸರಿಗೆ ಇನ್ನೊಂದು ಕಾರ್ಡು ಇದೆ. ಎರಡನ್ನೂ ಸೇರಿಸಿ ‘ಯಾವ ನಾಳದ ಮೂಲಕ ಯಾವ ಕೋಣೆಗೆ’ ಎಂದು ಕೇಳಿದ್ದರೆ, ಕೋಣೆ ಸರಿ ಹೇಳಿ ನಾಳ ತಪ್ಪಿದವಳಿಗೆ ಮತ್ತೆ ಅದೇ ಗೊಂದಲ. ಪ್ರಶ್ನೆಯಲ್ಲಿ ‘ಮತ್ತು’ ಕಂಡರೆ, ಅಥವಾ ‘ಯಾವ’ ಎಂಬುದು ಎರಡು ಸಲ ಬಂದರೆ, ಅಲ್ಲಿ ಎರಡು ಕಾರ್ಡುಗಳು ಒಂದಾಗಿ ಕೂತಿವೆ ಎಂದು ಹೆಚ್ಚಿನ ಸಲ ಧೈರ್ಯವಾಗಿ ಹೇಳಬಹುದು.

‘ಮತ್ತು’ ಇಲ್ಲದೆಯೂ ಪ್ರಶ್ನೆ ಕೆಡಬಹುದು. ‘ಎಡ ಹೃತ್ಕುಕ್ಷಿ ಏನು ಮಾಡುತ್ತದೆ?’ ಎಂಬುದು ನೋಡಲು ಚಿಕ್ಕ, ಚೊಕ್ಕ. ಆದರೆ ಸಂಕುಚಿಸುತ್ತದೆ ಎಂದರೂ ಸರಿ, ರಕ್ತವನ್ನು ಮಹಾ ಅಪಧಮನಿಗೆ ತಳ್ಳುತ್ತದೆ ಎಂದರೂ ಸರಿ, ಎಡ ಹೃತ್ಕರ್ಣದಿಂದ ರಕ್ತ ತುಂಬಿಕೊಳ್ಳುತ್ತದೆ ಎಂದರೂ ಸರಿ. ಹಿಂಬದಿಯಲ್ಲಿ ಇವುಗಳಲ್ಲಿ ಒಂದನ್ನು ಮಾತ್ರ ಬರೆದಿರುತ್ತದೆ. ಹಾಗಾಗಿ ಸರಿಯಾದ ಉತ್ತರ ಕೊಟ್ಟವಳು ತನಗೆ ತಾನೇ ತಪ್ಪು ಹಾಕಿಕೊಳ್ಳುತ್ತಾಳೆ, ಇಲ್ಲವೇ ಕಾರ್ಡು ಏನನ್ನು ಬಯಸುತ್ತದೆ ಎಂದು ಊಹಿಸುವುದನ್ನು ಕಲಿಯುತ್ತಾಳೆ. ಎರಡರಿಂದಲೂ ಜೀವಶಾಸ್ತ್ರ ಬರುವುದಿಲ್ಲ. ಪ್ರಶ್ನೆಗೆ ಇನ್ನೆರಡು ಪದ ಸೇರಿಸಿ ‘ಎಡ ಹೃತ್ಕುಕ್ಷಿ ರಕ್ತವನ್ನು ಯಾವ ನಾಳಕ್ಕೆ ತಳ್ಳುತ್ತದೆ?’ ಎಂದರೆ ಒಂದೇ ಉತ್ತರ ಉಳಿಯುತ್ತದೆ. ಚಿಕ್ಕದಾಗಬೇಕಾದದ್ದು ಉತ್ತರ. ಪ್ರಶ್ನೆ ಸ್ವಲ್ಪ ಉದ್ದವಾದರೂ ಚಿಂತೆಯಿಲ್ಲ.

ಇನ್ನೊಂದು ತುದಿಯಲ್ಲಿ ಹೌದು-ಅಲ್ಲ ಎಂಬ ಕಾರ್ಡುಗಳಿವೆ. ‘ಹೃತ್ಕುಕ್ಷಿಯ ಗೋಡೆ ಹೃತ್ಕರ್ಣದ ಗೋಡೆಗಿಂತ ದಪ್ಪವೇ?’ ಇದು ಒಂದೇ ವಿಚಾರವನ್ನು ಕೇಳುತ್ತದೆ, ನಿಜ. ಆದರೆ ಏನೂ ಗೊತ್ತಿಲ್ಲದವರೂ ಎರಡರಲ್ಲಿ ಒಂದು ಸಲ ಸರಿ ಹೇಳಬಲ್ಲರು. ಮೇಲಾಗಿ ಇಂಥ ಪ್ರಶ್ನೆ ಬರೆಯುವವರು ನಿಜವಾದ ಸಂಗತಿಯನ್ನೇ ಪ್ರಶ್ನೆ ಮಾಡುವುದರಿಂದ ‘ಹೌದು’ ಎನ್ನುವುದು ಅಭ್ಯಾಸವಾಗಿಬಿಡುತ್ತದೆ. ಅದೇ ವಿಚಾರವನ್ನು ‘ಏಕೆ’ ಎಂದು ತಿರುಗಿಸಿದರೆ ಕಾರ್ಡಿಗೆ ಜೀವ ಬರುತ್ತದೆ:

ಪ್ರಶ್ನೆ: ಹೃತ್ಕುಕ್ಷಿಗಳ ಗೋಡೆ ಹೃತ್ಕರ್ಣಗಳ ಗೋಡೆಗಿಂತ ದಪ್ಪವಾಗಿರುವುದೇಕೆ?
ಉತ್ತರ: ಹೃತ್ಕರ್ಣ ರಕ್ತವನ್ನು ಪಕ್ಕದ ಕೋಣೆಗೆ ಇಳಿಸಿದರೆ ಸಾಕು, ಹೃತ್ಕುಕ್ಷಿ ಅದನ್ನು ಹೃದಯದಿಂದ ಹೊರಗೆ ಅಂಗಗಳವರೆಗೆ ತಳ್ಳಬೇಕು.

ಇದರ ಬೆನ್ನಿಗೇ ಎರಡು ಹೃತ್ಕುಕ್ಷಿಗಳ ನಡುವಿನ ವ್ಯತ್ಯಾಸ ಬರುತ್ತದೆ. ಎಡ ಹೃತ್ಕುಕ್ಷಿಯ ಗೋಡೆ ಬಲದ್ದಕ್ಕಿಂತ ದಪ್ಪ. ಕಾರಣ ಒತ್ತಡ. ಇಡೀ ದೇಹಕ್ಕೆ ರಕ್ತ ಕಳಿಸಲು ಎಡಗಡೆ ಸುಮಾರು 120 ಮಿಲಿಮೀಟರ್ ಪಾದರಸದಷ್ಟು ಒತ್ತಡ ಬೇಕಾದರೆ, ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ಕಳಿಸಲು ಬಲಗಡೆ ಸುಮಾರು 25 ಸಾಕು. ಇದನ್ನು ಕಾರ್ಡು ಮಾಡುವಾಗ ಮಕ್ಕಳು ‘ಎಡ ಹೃತ್ಕುಕ್ಷಿ ಹೆಚ್ಚು ರಕ್ತ ಪಂಪ್ ಮಾಡುವುದರಿಂದ’ ಎಂದು ಬರೆದುಕೊಳ್ಳುವುದುಂಟು. ಅದು ತಪ್ಪು. ಎರಡೂ ಕಡೆಯಿಂದ ಪ್ರತಿ ಬಡಿತಕ್ಕೆ ಹೊರಬೀಳುವ ರಕ್ತ ಹೆಚ್ಚುಕಡಿಮೆ ಸಮ, ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಸುಮಾರು 70 ಮಿಲಿಲೀಟರ್. ಹಾಗಿರದೆ ಬಲಗಡೆಯಿಂದ ಕಡಿಮೆ, ಎಡಗಡೆಯಿಂದ ಹೆಚ್ಚು ಹೊರಬಿದ್ದರೆ ಶ್ವಾಸಕೋಶದಲ್ಲಿನ ರಕ್ತವೆಲ್ಲ ಸ್ವಲ್ಪ ಹೊತ್ತಿನಲ್ಲಿ ದೇಹದ ಕಡೆಗೆ ಖಾಲಿಯಾಗಬೇಕಿತ್ತು. ಆದ್ದರಿಂದ ಇಲ್ಲಿ ಬೇಕಿರುವುದು ಎರಡು ಕಾರ್ಡು. ಒಂದು, ಗೋಡೆ ದಪ್ಪವಿರಲು ಕಾರಣವೇನು ಎಂದು ಕೇಳುವುದು, ಉತ್ತರ ಒತ್ತಡ. ಇನ್ನೊಂದು, ಒಂದು ಬಡಿತದಲ್ಲಿ ಯಾವ ಹೃತ್ಕುಕ್ಷಿ ಹೆಚ್ಚು ರಕ್ತ ತಳ್ಳುತ್ತದೆ ಎಂದು ಕೇಳುವುದು, ಉತ್ತರ ಎರಡೂ ಸಮ. ಎರಡನೆಯದು ಇಲ್ಲದಿದ್ದರೆ ಮೊದಲನೆಯದಕ್ಕೆ ‘ಒತ್ತಡ’ ಎಂದು ಬಾಯಿಪಾಠ ಒಪ್ಪಿಸಿಯೂ ತಪ್ಪು ಕಲ್ಪನೆಯನ್ನು ಜೊತೆಯಲ್ಲೇ ಇಟ್ಟುಕೊಳ್ಳಬಹುದು.

ಒಂದಕ್ಕೊಂದು ಹೋಲುವ ಸಂಗತಿಗಳನ್ನು ಬಿಡಿಸುವುದು ಈ ಪಾಠದ ಅತ್ಯಂತ ಸೂಕ್ಷ್ಮ ಕೆಲಸ. ‘ಅಪಧಮನಿ: ಆಮ್ಲಜನಕ ತುಂಬಿದ ರಕ್ತ, ಅಭಿಧಮನಿ: ಆಮ್ಲಜನಕ ಕಡಿಮೆಯಾದ ರಕ್ತ’ ಎಂದು ಎಷ್ಟೋ ನೋಟ್‌ಬುಕ್‌ಗಳಲ್ಲಿ ಇರುತ್ತದೆ. ದೇಹದ ಬಹುತೇಕ ನಾಳಗಳಿಗೆ ಇದು ಹೊಂದುತ್ತದೆ, ಶ್ವಾಸಕೋಶಕ್ಕೆ ಬಂದಾಗ ತಲೆಕೆಳಗಾಗುತ್ತದೆ. ಶ್ವಾಸಕೋಶದ ಅಪಧಮನಿಯಲ್ಲಿ ಆಮ್ಲಜನಕ ಕಡಿಮೆ ಇರುವ ರಕ್ತ ಹರಿಯುತ್ತದೆ, ಶ್ವಾಸಕೋಶದ ಅಭಿಧಮನಿಯಲ್ಲಿ ಆಮ್ಲಜನಕ ತುಂಬಿದ ರಕ್ತ. ಅಪಧಮನಿ ಎಂದು ಕರೆಯುವುದು ರಕ್ತದ ಗುಣ ನೋಡಿ ಅಲ್ಲ, ಹರಿವಿನ ದಿಕ್ಕು ನೋಡಿ: ಹೃದಯದಿಂದ ಹೊರಕ್ಕೆ ಒಯ್ಯುವುದು ಅಪಧಮನಿ, ಹೃದಯಕ್ಕೆ ತರುವುದು ಅಭಿಧಮನಿ.

ಇದನ್ನೆಲ್ಲ ಒಂದೇ ಕಾರ್ಡಿನಲ್ಲಿ ‘ಅಪಧಮನಿ ಮತ್ತು ಅಭಿಧಮನಿಗಳ ವ್ಯತ್ಯಾಸ ತಿಳಿಸಿ’ ಎಂದು ಹಾಕಿದರೆ ಪರೀಕ್ಷೆಯ ಪ್ರಶ್ನೆಯಾಗುತ್ತದೆ, ಕಾರ್ಡಾಗುವುದಿಲ್ಲ. ಬೇರೆಯಾಗಿ ಮರೆಯಬಹುದಾದದ್ದನ್ನು ಹುಡುಕಿದರೆ ಮೂರು ಸಿಗುತ್ತವೆ. ಹೆಸರು ನಿರ್ಧಾರವಾಗುವುದು ಯಾವುದರಿಂದ ಎಂಬುದು ಒಂದು, ಉತ್ತರ ಹರಿವಿನ ದಿಕ್ಕು. ಆಮ್ಲಜನಕ ಕಡಿಮೆಯಿರುವ ರಕ್ತವನ್ನು ಒಯ್ಯುವ ಅಪಧಮನಿ ಯಾವುದು ಎಂಬುದು ಎರಡನೆಯದು. ಗೋಡೆ ದಪ್ಪಗೆ, ಹಿಗ್ಗಿ ಕುಗ್ಗುವಂತೆ ಇರುವ ನಾಳ ಯಾವುದು, ಅದಕ್ಕೆ ಕಾರಣವೇನು ಎಂಬುದು ಮೂರನೆಯದು. ಆದರೆ ಈ ಮೂರನೆಯದರಲ್ಲೂ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ‘ಅಪಧಮನಿಯ ಗೋಡೆ ದಪ್ಪಗಿರುವುದೇಕೆ?’ ಎಂದು ಕೇಳಿದರೆ, ಯಾವ ನಾಳದ ಗೋಡೆ ದಪ್ಪ ಎಂಬ ಸಂಗತಿ ಪ್ರಶ್ನೆಯಲ್ಲೇ ಸಿಕ್ಕಿಬಿಡುತ್ತದೆ, ಪರೀಕ್ಷೆಗೆ ಒಳಗಾಗುವುದು ಕಾರಣ ಮಾತ್ರ: ಹೃದಯದಿಂದ ರಕ್ತ ಹೆಚ್ಚಿನ ಒತ್ತಡದಲ್ಲಿ ಬಂದು ಬಡಿಯುತ್ತದೆ. ಸಂಗತಿಯನ್ನೂ ಪರೀಕ್ಷಿಸಬೇಕೆಂದರೆ ಅದಕ್ಕೆ ಬೇರೆ ಕಾರ್ಡು ಬೇಕು.

ಅಭಿಧಮನಿಯಲ್ಲಿ ಒತ್ತಡ ಕಡಿಮೆ, ಅದಕ್ಕೇ ಒಳಗೆ ಕವಾಟಗಳಿವೆ ಎಂಬ ವಾಕ್ಯವೂ ಬರುತ್ತದೆ. ಹೃದಯದ ಕವಾಟದ ಕಾರ್ಡು ಈಗಾಗಲೇ ಇದೆಯಲ್ಲ, ಅದರಲ್ಲೇ ಸೇರಿಸೋಣ ಎನ್ನಿಸುತ್ತದೆ. ಸೇರಿಸಬಾರದು. ‘ಕವಾಟಗಳ ಕೆಲಸವೇನು?’ ಎಂದು ಮೊಗಮ್ಮಾಗಿ ಕೇಳಿದರೆ ‘ರಕ್ತ ಹಿಂದಕ್ಕೆ ಹರಿಯದಂತೆ ತಡೆಯುವುದು’ ಎಂದು ಹೇಳಿ ಮುಗಿಸಬಹುದು. ಕವಾಟ ಎಲ್ಲೆಲ್ಲಿದೆ ಎಂಬುದು ಪರೀಕ್ಷೆಗೆ ಒಳಗಾಗಲೇ ಇಲ್ಲ. ‘ಹೃದಯದ ಹೊರಗೆ, ಒಳಗಡೆ ಕವಾಟಗಳಿರುವ ರಕ್ತನಾಳ ಯಾವುದು?’ ಎಂದು ಕೇಳಿದರೆ ಆ ತುಣುಕು ತನ್ನ ಕಾಲ ಮೇಲೆ ನಿಲ್ಲುತ್ತದೆ.

ಜೀವಶಾಸ್ತ್ರದಲ್ಲಿ ಚಿತ್ರವಿಲ್ಲದೆ ಕೆಲಸ ನಡೆಯುವುದಿಲ್ಲ. ಹೃದಯದ ಚಿತ್ರಕ್ಕೆ ಹತ್ತು ಹನ್ನೆರಡು ಭಾಗಗಳ ಹೆಸರು ಬರೆಯುವುದನ್ನು ಒಂದೇ ಕಾರ್ಡು ಮಾಡಿದರೆ ಮತ್ತೆ ಎಂಟು ವಾಕ್ಯದ ಕಥೆಯೇ. ಉಪಾಯವೆಂದರೆ ಚಿತ್ರವನ್ನು ಟ್ರೇಸಿಂಗ್ ಹಾಳೆಯಲ್ಲಿ ಒಂದು ಸಲ ತೆಗೆದು, ಹೆಸರುಗಳಿಲ್ಲದೆ ಅಷ್ಟು ಜೆರಾಕ್ಸ್ ಮಾಡಿಸಿಕೊಳ್ಳುವುದು. ಪ್ರತಿ ಪ್ರತಿಯಲ್ಲೂ ಒಂದೇ ಬಾಣದ ಗುರುತು, ಹಿಂದೆ ಒಂದೇ ಹೆಸರು. ಉಳಿದ ಭಾಗಗಳ ಹೆಸರನ್ನು ಚಿತ್ರದಲ್ಲಿ ಬಿಡುವುದು ಒಳ್ಳೆಯದಲ್ಲ. ಒಂದನ್ನು ಮಾತ್ರ ಮುಚ್ಚಿ ಉಳಿದವನ್ನು ತೋರಿಸಿದರೆ, ಯಾವ ಹೆಸರು ಕಾಣುತ್ತಿಲ್ಲ ಎಂದು ಲೆಕ್ಕಹಾಕಿ ಹೇಳಿಬಿಡಬಹುದು. ಬಣ್ಣವೂ ಗುಟ್ಟು ಬಿಟ್ಟುಕೊಡುತ್ತದೆ. ಕೆಂಪು, ನೀಲಿ ಬಳಿದ ಚಿತ್ರದಲ್ಲಿ ‘ಯಾವ ಕಡೆ ಆಮ್ಲಜನಕ ಹೆಚ್ಚು?’ ಎಂದು ಕೇಳಿದರೆ ಅದು ಕಣ್ಣಿನ ಪರೀಕ್ಷೆ.

ಚಿತ್ರದ ಕಾರ್ಡುಗಳಿಗೆಲ್ಲ ಮೊದಲು ಬೇಕಾದ ಒಂದು ಕಾರ್ಡನ್ನು ಬಹಳ ಜನ ಮಾಡುವುದೇ ಇಲ್ಲ. ಪುಸ್ತಕದ ಚಿತ್ರ ಎದುರಿಗೆ ನಿಂತ ಮನುಷ್ಯನ ಹೃದಯದ್ದು. ಹಾಗಾಗಿ ಹೃದಯದ ಎಡಭಾಗ ನೋಡುವವರ ಬಲಕ್ಕೆ ಬರುತ್ತದೆ. ಎಡ ಬಲ ಅದಲುಬದಲು ಮಾಡುವ ಮಕ್ಕಳಲ್ಲಿ ಕೆಲವರಿಗೆ ರಕ್ತದ ದಾರಿ ಸರಿಯಾಗಿಯೇ ಗೊತ್ತಿರುತ್ತದೆ, ಚಿತ್ರ ಓದುವ ಈ ಒಂದು ಕ್ರಮ ಮಾತ್ರ ಗೊತ್ತಿರುವುದಿಲ್ಲ. ದೊಡ್ಡ ಕಾರ್ಡಿನಲ್ಲಿ ಈ ಎರಡು ತಪ್ಪುಗಳು ಒಂದೇ ರೀತಿ ಕಾಣುತ್ತವೆ. ಬೇರೆ ಬೇರೆ ಕಾರ್ಡು ಮಾಡಿದಾಗ ಮಾತು ಸ್ಪಷ್ಟವಾಗುತ್ತದೆ: ಬರಹದ ಹತ್ತು ಕಾರ್ಡುಗಳು ಸರಾಗವಾಗಿ ಮುಂದಿನ ಖಾನೆಗೆ ಹೋಗುತ್ತಿದ್ದು ಚಿತ್ರದ ಕಾರ್ಡುಗಳಷ್ಟೇ ವಾಪಸ್ಸು ಬರುತ್ತಿದ್ದರೆ, ತೊಂದರೆ ಇರುವುದು ಚಿತ್ರ ಓದುವುದರಲ್ಲಿ.

ಖಾಲಿ ಬಿಟ್ಟ ಸ್ಥಳ ತುಂಬುವ ಕಾರ್ಡುಗಳು ಬರೆಯಲು ಸುಲಭ, ಆದ್ದರಿಂದಲೇ ಅಪಾಯ. ಪುಸ್ತಕದ ವಾಕ್ಯವನ್ನು ಹಾಗೆಯೇ ಇಳಿಸಿ ಒಂದು ಪದ ಅಳಿಸಿದರೆ, ಕೆಲವು ದಿನಗಳಲ್ಲಿ ವಾಕ್ಯದ ಮೊದಲ ಎರಡು ಪದ ಕಂಡೊಡನೆ ಉತ್ತರ ಬಾಯಿಗೆ ಬರುತ್ತದೆ. ಅರ್ಥ ಓದುವ ಅಗತ್ಯವೇ ಇರುವುದಿಲ್ಲ. ಅದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳಿದರೆ ತಡವರಿಸುತ್ತದೆ. ಇಮ್ಮಡಿ ಪರಿಚಲನೆಯ ವ್ಯಾಖ್ಯೆಯನ್ನು ಖಾಲಿ ಬಿಟ್ಟು ಬರೆಯುವ ಬದಲು ಹೀಗೆ ಕೇಳಬಹುದು:

ಪ್ರಶ್ನೆ: ಕಾಲಿನಿಂದ ಹೊರಟ ರಕ್ತದ ಹನಿ ಒಂದು ಸುತ್ತು ಮುಗಿಸಿ ಮತ್ತೆ ದೇಹದ ಅಂಗವೊಂದನ್ನು ತಲುಪುವಷ್ಟರಲ್ಲಿ ಮನುಷ್ಯನ ಹೃದಯವನ್ನು ಎಷ್ಟು ಸಲ ಹಾಯುತ್ತದೆ?
ಉತ್ತರ: ಎರಡು ಸಲ.

ಪ್ರಶ್ನೆ: ಅದೇ ಮೀನಿನಲ್ಲಾದರೆ ಎಷ್ಟು ಸಲ?
ಉತ್ತರ: ಒಂದು ಸಲ.

ಎರಡನೆಯದನ್ನು ಹೀಗೆಯೇ ಬರೆದರೆ ಒಂದು ದೋಷ ಉಳಿಯುತ್ತದೆ. ಕಾರ್ಡುಗಳನ್ನು ಕಲಸಿದ ಮೇಲೆ ‘ಅದೇ’ ಎಂದರೆ ಯಾವುದು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಪ್ರತಿ ಕಾರ್ಡೂ ಒಂಟಿಯಾಗಿ ಎದುರಾದರೂ ಅರ್ಥವಾಗಬೇಕು. ಹಾಗಾಗಿ ಪ್ರಶ್ನೆ ‘ಮೀನಿನಲ್ಲಿ ರಕ್ತ ಒಂದು ಸುತ್ತು ಮುಗಿಸುವಷ್ಟರಲ್ಲಿ ಹೃದಯವನ್ನು ಎಷ್ಟು ಸಲ ಹಾಯುತ್ತದೆ?’ ಎಂದಾಗಬೇಕು. ಕಿವಿರಿನಲ್ಲಿ ಆಮ್ಲಜನಕ ಪಡೆದ ರಕ್ತ ಹೃದಯಕ್ಕೆ ಮರಳದೆ ನೇರವಾಗಿ ದೇಹಕ್ಕೆ ಹೋಗುತ್ತದೆ ಎಂಬ ಕಾರಣವನ್ನು ಉತ್ತರದ ಕೆಳಗೆ ಗೆರೆ ಎಳೆದು ಬರೆದಿಡಬಹುದು. ಗೆರೆಯ ಮೇಲಿನದಕ್ಕೆ ಮಾತ್ರ ಸರಿ-ತಪ್ಪಿನ ತೀರ್ಪು, ಕೆಳಗಿನದು ಓದಿಕೊಳ್ಳಲು. ಕಾರ್ಡನ್ನು ಚಿಕ್ಕದು ಮಾಡುತ್ತ ಹೋದಾಗ ಕಳೆದುಹೋಗುವ ಸಂಬಂಧಗಳನ್ನು ಹಿಡಿದಿಡಲು ಈ ಗೆರೆ ಬಹಳ ಉಪಯೋಗಕ್ಕೆ ಬರುತ್ತದೆ.

ಪ್ರಾಣಿಗಳ ಹೃದಯದ ಕೋಣೆಗಳನ್ನು ಹೇಳುವ ಪಟ್ಟಿಯೂ ಹೀಗೆಯೇ ಒಡೆಯುತ್ತದೆ. ‘ಮೂರು ಕೋಣೆಯ ಹೃದಯವಿರುವ ಪ್ರಾಣಿಗಳು ಯಾವುವು?’ ಎಂಬುದಕ್ಕೆ ಎಲ್ಲಿ ನಿಲ್ಲಿಸಬೇಕು ಎಂಬುದೇ ತಿಳಿಯುವುದಿಲ್ಲ. ‘ಕಪ್ಪೆಯ ಹೃದಯದಲ್ಲಿ ಎಷ್ಟು ಕೋಣೆ?’ ಎಂದು ತಿರುಗಿಸಿದರೆ ಉತ್ತರ ಮೂರು, ಮಾತು ಮುಗಿಯಿತು. ಮೀನಿಗೆ ಎರಡು, ಹಕ್ಕಿಗೆ ನಾಲ್ಕು. ಸರೀಸೃಪಗಳಲ್ಲಿ ಹೆಚ್ಚಿನವಕ್ಕೆ ಮೂರು ಎಂಬುದು ಒಂದು ಕಾರ್ಡಾದರೆ, ನಾಲ್ಕು ಕೋಣೆಯ ಹೃದಯವಿರುವ ಸರೀಸೃಪ ಮೊಸಳೆ ಎಂಬುದು ಇನ್ನೊಂದು. ಅಪವಾದಕ್ಕೆ ಯಾವಾಗಲೂ ಅದರದೇ ಕಾರ್ಡು ಬೇಕು. ನಿಯಮದ ಜೊತೆ ಒಂದೇ ಕಾರ್ಡಿನಲ್ಲಿ ಇಟ್ಟರೆ ಮೊದಲು ಮರೆಯುವುದು ಅಪವಾದವನ್ನೇ.

ಹೀಗೆ ಲೆಕ್ಕ ಹಾಕಿದರೆ ಎಂಟು ವಾಕ್ಯದ ಒಂದು ಕಾರ್ಡು, ಅದರ ಸುತ್ತಲಿನ ನಾಳ, ಒತ್ತಡ, ಇಮ್ಮಡಿ ಪರಿಚಲನೆಗಳೊಂದಿಗೆ ಸೇರಿ, ಚಿತ್ರದ ಕಾರ್ಡುಗಳನ್ನು ಬಿಟ್ಟು ಸುಮಾರು ಮೂವತ್ತು ಕಾರ್ಡುಗಳಾಗುತ್ತದೆ. ಹೆಚ್ಚಾಯಿತು ಎನ್ನಿಸಬಹುದು. ಒಂದೊಂದಕ್ಕೆ ಏಳೆಂಟು ಸೆಕೆಂಡು ಹಿಡಿದರೂ ಎಲ್ಲವನ್ನೂ ನೋಡಿ ಮುಗಿಸಲು ನಾಲ್ಕು ನಿಮಿಷ ಸಾಕು. ಎರಡನೆಯ ವಾರದಿಂದ ದಿನವೂ ಎದುರಾಗುವುದು ಬಾರದೆ ಉಳಿದ ಕೆಲವು ಕಾರ್ಡುಗಳು ಮಾತ್ರ. ದೊಡ್ಡ ಕಾರ್ಡೊಂದನ್ನು ಪೂರ್ತಿ ಒಪ್ಪಿಸಲು ಒಂದು ನಿಮಿಷ ಬೇಕಾಗುತ್ತದೆ, ಅದನ್ನು ದಿನವೂ ಒಪ್ಪಿಸಬೇಕಾಗುತ್ತದೆ.

ಬಿಡಿಸುವಾಗ ಎಷ್ಟೇ ಎಚ್ಚರ ವಹಿಸಿದರೂ ಒಂದೆರಡು ಜೋಡಿ ಕಾರ್ಡುಗಳು ಕಣ್ತಪ್ಪಿಸಿ ಉಳಿದುಕೊಳ್ಳುತ್ತವೆ. ಅವನ್ನು ಹಿಡಿದುಕೊಡುವುದು ಡಬ್ಬವೇ. ಒಂದು ಕಾರ್ಡು ಎರಡನೆಯ ಮೂರನೆಯ ಖಾನೆಗೆ ಹೋಗಿ ಮತ್ತೆ ಮತ್ತೆ ಮೊದಲ ಖಾನೆಗೆ ಬೀಳುತ್ತಿದ್ದರೆ ಅದನ್ನು ಹೊರಗೆ ತೆಗೆದು ನೋಡಬೇಕು. ಮೊಬೈಲಿನಲ್ಲಿ ಆಂಕಿ ಎಂಬ ಆ್ಯಪ್ ಬಳಸುವವರಿಗೆ ಈ ಕೆಲಸ ತಾನಾಗಿಯೇ ಆಗುತ್ತದೆ. ಕಾರ್ಡೊಂದನ್ನು ಎಂಟು ಸಲ ಮರೆತರೆ ಆ್ಯಪ್ ಅದಕ್ಕೆ ‘ಲೀಚ್’ ಎಂಬ ಗುರುತು ಹಾಕುತ್ತದೆ. ರಕ್ತ ಹೀರುವ ಜಿಗಣೆಯಂತೆ ಸಮಯ ಹೀರುವ ಕಾರ್ಡು ಎಂದರ್ಥ. ಕಾಗದದ ಕಾರ್ಡಿನಲ್ಲಿ ತಪ್ಪಾದಾಗಲೆಲ್ಲ ಮೂಲೆಯಲ್ಲಿ ಪೆನ್ಸಿಲಿನಿಂದ ಚುಕ್ಕಿ ಇಟ್ಟರೆ ಇದೇ ಫಲ. ನಾಲ್ಕು ಚುಕ್ಕಿ ಬಿದ್ದರೆ ಸಾಕು.

ಹೊರತೆಗೆದ ಮೇಲೆ ಕೇಳಬೇಕಾದದ್ದು, ಪ್ರತಿ ಸಲವೂ ತಪ್ಪಾದದ್ದು ಒಂದೇ ಕಡೆಯೋ ಬೇರೆ ಬೇರೆ ಕಡೆಯೋ ಎಂದು. ಬೇರೆ ಬೇರೆ ಕಡೆ ಎಂದಾದರೆ ಕಾರ್ಡಿನಲ್ಲಿ ಎರಡು ವಿಚಾರಗಳಿವೆ, ಒಡೆಯಬೇಕು. ಒಂದೇ ಕಡೆ ಎಂದಾದರೆ ಇನ್ನೊಂದು ಕಾರ್ಡಿನೊಂದಿಗೆ ಗೊಂದಲವಾಗುತ್ತಿದೆ. ಶ್ವಾಸಕೋಶದ ಅಪಧಮನಿ ಕೇಳಿದಾಗಲೆಲ್ಲ ಶ್ವಾಸಕೋಶದ ಅಭಿಧಮನಿ ಎಂದು ಬರುತ್ತಿದ್ದರೆ ಆ ಕಾರ್ಡನ್ನು ಒಡೆದು ಪ್ರಯೋಜನವಿಲ್ಲ. ಎರಡನ್ನೂ ಎದುರೆದುರು ನಿಲ್ಲಿಸುವ ಮೂರನೆಯ ಕಾರ್ಡು ಬೇಕು: ‘ಶ್ವಾಸಕೋಶದ ಎರಡು ಬಗೆಯ ನಾಳಗಳಲ್ಲಿ ಹೃದಯಕ್ಕೆ ಬೆನ್ನು ಮಾಡಿ ಹೊರಡುವುದು ಯಾವುದು?’ ಎಲ್ಲಿಯೂ ದಾರಿ ಕಾಣದಿದ್ದರೆ ಆ ಭಾಗ ಅರ್ಥವೇ ಆಗಿಲ್ಲ. ಆಗ ಕಾರ್ಡು ಮುಚ್ಚಿಟ್ಟು ಪುಸ್ತಕ ತೆರೆಯುವುದೇ ಸರಿ.

ಒಂದು ವಿಚಾರದ ಕಾರ್ಡಿಗೆ ಮಾಡಲಾಗದ ಕೆಲಸವೊಂದಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹೃದಯದ ಚಿತ್ರ ಬರೆದು ಭಾಗಗಳನ್ನು ಗುರುತಿಸಲು ಕೇಳಬಹುದು, ಇಮ್ಮಡಿ ಪರಿಚಲನೆಯನ್ನು ವಿವರಿಸಲು ಕೇಳಬಹುದು. ಮೂವತ್ತು ಕಾರ್ಡುಗಳಿಗೂ ಥಟ್ಟನೆ ಉತ್ತರ ಹೇಳುವವರು ಅವನ್ನು ಕೂಡಿಸಿ ಎಂಟು ಸಾಲು ಬರೆಯಲು ತಿಣುಕಾಡಬಹುದು. ಜೋಡಿಸುವುದು ಬೇರೆಯೇ ಅಭ್ಯಾಸ. ಅದಕ್ಕೆ ಬೇಕಾದದ್ದು ವಾರಕ್ಕೊಮ್ಮೆ ಒಂದು ಖಾಲಿ ಹಾಳೆ. ಪುಸ್ತಕ, ಕಾರ್ಡು ಎರಡನ್ನೂ ಮುಚ್ಚಿ ನಾಲ್ಕು ಕೋಣೆ ಬರೆದು, ಬಾಣ ಹಾಕಿ, ನಾಳಗಳ ಹೆಸರು ತುಂಬಿ, ಕೆಳಗೆ ತನ್ನ ಮಾತಿನಲ್ಲಿ ವಿವರಣೆ ಬರೆಯಬೇಕು. ಹಾಳೆಯಲ್ಲಿ ಬಿಟ್ಟುಹೋದ ಪ್ರತಿಯೊಂದು ಸಂಗತಿಗೂ ಡಬ್ಬದಲ್ಲಿ ಕಾರ್ಡಿದೆಯೇ ಎಂದು ಹುಡುಕಿದರೆ, ಇನ್ನೂ ಬರೆಯದೆ ಉಳಿದ ಕಾರ್ಡು ಯಾವುದು ಎಂದೂ ತಿಳಿಯುತ್ತದೆ. ಆ ಮೊದಲ ಎಂಟು ವಾಕ್ಯದ ಪ್ರಶ್ನೆಗೆ ಸರಿಯಾದ ಜಾಗವೂ ಈ ಹಾಳೆಯೇ.

ಪಾಠದ ಮುಂದಿನ ಭಾಗಕ್ಕೆ ಹೋಗುವ ಮೊದಲು ಇಡೀ ಕಟ್ಟನ್ನು ಒಮ್ಮೆ ಅದೇ ತರಗತಿಯ ಗೆಳತಿಯ ಕೈಗೆ ಕೊಟ್ಟು ನೋಡಬಹುದು. ಅವಳಿಗೂ ಪಾಠ ಗೊತ್ತು, ಆದರೆ ಕಾರ್ಡು ಬರೆದವಳ ಮನಸ್ಸಿನಲ್ಲಿ ಏನಿತ್ತು ಎಂಬುದು ಗೊತ್ತಿಲ್ಲ. ಅವಳು ‘ಯಾವುದನ್ನು ಕೇಳ್ತಿದೀಯೇ?’ ಎಂದು ತಿರುಗಿ ಪ್ರಶ್ನೆ ಹಾಕಿದ ಕಾರ್ಡುಗಳನ್ನೂ, ಹಿಂಬದಿಯಲ್ಲಿ ಇಲ್ಲದ, ಆದರೆ ಸರಿಯಾದ ಉತ್ತರ ಕೊಟ್ಟ ಕಾರ್ಡುಗಳನ್ನೂ ಪಕ್ಕಕ್ಕಿಟ್ಟುಕೊಳ್ಳಬೇಕು. ಅವುಗಳಲ್ಲಿ ತಿದ್ದಬೇಕಾದದ್ದು ಪ್ರಶ್ನೆಯ ವಾಕ್ಯವನ್ನು. ‘ಯಾವ ನಾಳ’, ‘ಯಾವ ಕೋಣೆ’, ‘ಮನುಷ್ಯನಲ್ಲಿ’ ಎಂಬಂಥ ಒಂದೆರಡು ಪದ ಸೇರಿಸಿದರೆ ಹೆಚ್ಚಿನವು ಸರಿಹೋಗುತ್ತವೆ. ಸರಿಹೋಗದವನ್ನು ಹರಿದು ಎರಡು ಹೊಸ ಕಾರ್ಡು ಬರೆಯಬೇಕಾಗುತ್ತದೆ.